ಅಕ್ಷರ ಕೆಟ್ಟಿತ್ತು, ಅಂಕಿ ಕೆಟ್ಟಿರಲಿಲ್ಲ

ದಾವಣಗೆರೆಯಲ್ಲಿ ಪಂಪ್‌ಸೆಟ್, ಪೈಪ್ ಸಗಟಾಗಿ ಮಾರುವ ಒಂದು ಕಂಪನಿಯಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮ ಸೆಕ್ಷನ್‌ನಲ್ಲಿ ಒಂದು ಹಳೆ ಕಂಪ್ಯೂಟರ್ ಇದೆ. ಪತ್ರ, ಪಟ್ಟಿ ಎಲ್ಲಾ ಅದರಲ್ಲಿ ಹಳೆ ನುಡಿ ಫಾಂಟಿನಲ್ಲೇ. ಪ್ರಿಂಟ್ ತೆಗೆದು ಕೊಡುವಷ್ಟು ದಿನ ತೊಂದರೆ ಇರಲಿಲ್ಲ. ವಾಟ್ಸಾಪ್ ವೆಬ್ ಬಂದ ಮೇಲೆ ಅಲ್ಲಿಂದಲೇ ಕಾಪಿ, ಇಲ್ಲಿ ಪೇಸ್ಟ್ ಶುರುವಾಯಿತು.

ಒಂದು ಸಂಜೆ ನಮ್ಮ ಸೆಕ್ಷನ್ ಹುಡುಗ ಡೀಲರ್‌ಗಳ ಬಾಕಿ ಪಟ್ಟಿಯನ್ನು ವಸೂಲಿ ಗ್ರೂಪಿಗೆ ಹಾಕಬೇಕಿತ್ತು. ಹಾಕಿದ್ದು ಡೀಲರ್‌ಗಳದೇ ಗ್ರೂಪಿಗೆ. ಸಾಲದ್ದಕ್ಕೆ ಅಕ್ಷರ ಎಲ್ಲಾ ಚೆಲ್ಲಾಪಿಲ್ಲಿ. ಡೀಲರ್ ಹೆಸರು ಬಿಟ್ಟು, ಪಟ್ಟಿಯ ಒಂದು ಸಾಲು ಫೋನಿನಲ್ಲಿ ಹೀಗೆ ಕಂಡಿತು:

```
DL-14  ¨ÁQ  86,400
```

ನಡುವಿನದು ‘ಬಾಕಿ’. ಹಳೆ ನುಡಿ ಫೈಲಿನಲ್ಲಿ ಒಳಗೆ ಇರುವುದು ಕನ್ನಡ ಅಕ್ಷರಗಳಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಅವುಗಳ ಮೇಲೆ ಫಾಂಟ್ ಕನ್ನಡದ ಆಕಾರ ಬರೆದು ತೋರಿಸುತ್ತದೆ, ಅಷ್ಟೆ. ವಾಟ್ಸಾಪಿಗೆ ಆ ಫಾಂಟ್ ಹೋಗುವುದಿಲ್ಲ, ಹಾಗಾಗಿ ಬರೀ ಸಂಕೇತ ಕಾಣುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದಕ್ಕೆ ಈ ಕಾಟ ಇಲ್ಲ.

ಹುಡುಗನಿಗೆ ಇದೇ ಸಮಾಧಾನ. ‘ಸರ್, ಯಾರಿಗೂ ಓದೋಕೆ ಬರಲ್ಲ ಬಿಡಿ’ ಅಂದ. ಮ್ಯಾನೇಜರ್‌ಗೆ ಕಳಿಸಲು ಇಮೇಲ್ ಕೂಡ ಬರೆದಿಟ್ಟಿದ್ದ:

“ಸರ್, ದಯವಿಟ್ಟು ಕ್ಷಮಿಸಿ. ಕಂಪ್ಯೂಟರ್ ದೋಷದಿಂದ ಮೆಸೇಜ್ ಕೆಟ್ಟು ಬೇರೆ ಗ್ರೂಪಿಗೆ ಹೋಗಿದೆ. ಅಕ್ಷರ ಓದಲು ಬರದ ಕಾರಣ ಯಾರಿಗೂ ಏನೂ ತಿಳಿದಿಲ್ಲ. ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ.”

ವಿನಯಕ್ಕೆ ಇದರಲ್ಲಿ ಕೊರತೆ ಇಲ್ಲ. ಆದರೆ ಮ್ಯಾನೇಜರ್‌ಗೆ ಇದರಿಂದ ಒಂದು ಕೆಲಸವೂ ಆಗುವುದಿಲ್ಲ. ಯಾವ ಪಟ್ಟಿ, ಯಾವ ಗ್ರೂಪು, ಎಷ್ಟು ಹೊತ್ತಿಗೆ, ಒಂದೂ ಇಲ್ಲ. ಎರಡು ಬೇರೆ ಬೇರೆ ತಪ್ಪುಗಳನ್ನು ಕಲಸಿ ಒಂದು ಮಾಡಿಟ್ಟಿದ್ದಾನೆ. ಅಕ್ಷರ ಕೆಟ್ಟಿದ್ದು ಫಾಂಟಿನಿಂದ, ಸರಿ. ಬೇರೆ ಗ್ರೂಪಿಗೆ ಹೋಗಿದ್ದಕ್ಕೂ ಫಾಂಟಿಗೂ ಏನು ಸಂಬಂಧ?

ಎಲ್ಲಕ್ಕಿಂತ ಅಪಾಯದ್ದು ‘ಯಾರಿಗೂ ಏನೂ ತಿಳಿದಿಲ್ಲ’ ಅನ್ನುವ ಸಾಲು. ಮೇಲಿನ ಸಾಲನ್ನು ಇನ್ನೊಮ್ಮೆ ನೋಡಿ. DL-14 ಅನ್ನುವ ಡೀಲರ್ ಕೋಡ್ ಇಂಗ್ಲಿಷ್ ಫಾಂಟಿನಲ್ಲಿ ಟೈಪ್ ಆಗಿತ್ತು, ಅದು ಹಾಗೇ ಉಳಿದಿದೆ. ಅಂಕಿಗಳೂ ಹಾಗೇ ಉಳಿದಿವೆ. ಪ್ರತಿ ಡೀಲರ್‌ಗೂ ತನ್ನ ಕೋಡ್ ಬಾಯಿಪಾಠ, ಬಿಲ್ಲಿನ ತಲೆಯಲ್ಲೇ ಇರುತ್ತದೆ. ಪಕ್ಕದ ಅಂಗಡಿಯವನ ಕೋಡ್ ಗೊತ್ತಿರುವವರೂ ಉಂಟು. ಇನ್ನು ಕೆಟ್ಟ ಅಕ್ಷರದ ಮಾತು: ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳು ಆನ್‌ಲೈನ್‌ನಲ್ಲಿ ಬಿಟ್ಟಿ ಸಿಗುತ್ತವೆ. ಪೇಸ್ಟ್ ಮಾಡಿ ಒತ್ತಿದರೆ ಹೆಸರೂ ಹೊರಗೆ ಬರುತ್ತದೆ. ‘ಯಾರಿಗೂ ತಿಳಿದಿಲ್ಲ’ ಅಂತ ಮ್ಯಾನೇಜರ್ ನಂಬಿ ಕೂತಿರುವಾಗ ಒಬ್ಬ ಡೀಲರ್ ಫೋನ್ ಮಾಡಿ ‘ಏನ್ ಸ್ವಾಮಿ, ನನ್ನ ಬಾಕಿ ಊರಿಗೆಲ್ಲಾ ಹಂಚ್ತೀರಾ’ ಅಂದರೆ? ಆಗ ಕೋಪ ಬರುವುದು ಕೆಟ್ಟ ಮೆಸೇಜಿನ ಮೇಲಲ್ಲ, ಇಮೇಲಿನ ಮೇಲೆ.

ಮೆಸೇಜ್ ಇನ್ನೂ ಗ್ರೂಪಿನಲ್ಲೇ ಇತ್ತು. ಅಳಿಸುವ ಮುಂಚೆ ಮೆಸೇಜ್ ಇನ್ಫೋ ತೆಗೆಸಿದೆ. ಗ್ರೂಪಿನಲ್ಲಿ ಯಾರು ಓದಿದರು, ಯಾರಿಗೆ ಬರೀ ತಲುಪಿದೆ ಅನ್ನುವುದು ಕಳಿಸಿದವರಿಗೆ ಅಲ್ಲಿ ಕಾಣುತ್ತದೆ. ನೀಲಿ ಟಿಕ್ ಆಫ್ ಮಾಡಿಕೊಂಡವರೂ ಗ್ರೂಪಿನ ಮಟ್ಟಿಗೆ ತಪ್ಪಿಸಿಕೊಳ್ಳಲಾರರು. ಅದರ ಸ್ಕ್ರೀನ್‌ಶಾಟ್ ಮೊದಲು, ಅಳಿಸುವುದು ಆಮೇಲೆ. ಅಳಿಸುವಾಗ ‘ಡಿಲೀಟ್ ಫಾರ್ ಎವ್ರಿವನ್’ ಒತ್ತಬೇಕು. ಗಾಬರಿಯಲ್ಲಿ ‘ಡಿಲೀಟ್ ಫಾರ್ ಮಿ’ ಒತ್ತಿದರೆ ನಮ್ಮ ಕಣ್ಣಿಂದ ಮಾತ್ರ ಮಾಯ, ಉಳಿದವರಿಗೆ ಹಾಗೇ ಇರುತ್ತದೆ. ಕೆಲವೇ ಸೆಕೆಂಡ್ ಅನ್‌ಡೂ ಸಿಗುತ್ತದೆ. ಅದೂ ತಪ್ಪಿದರೆ ಗ್ರೂಪ್ ಅಡ್ಮಿನ್‌ಗೆ ಹೇಳಿ ಅಳಿಸಬೇಕು. ಓದಿದವರ ಲೆಕ್ಕವೂ ಪೂರ್ತಿ ಅಲ್ಲ ಅನ್ನಿ. ಚಾಟ್ ತೆರೆಯದೆ ನೋಟಿಫಿಕೇಶನ್‌ನಲ್ಲೇ ನೋಡಿದವರು ಅದರಲ್ಲಿ ಸೇರುವುದಿಲ್ಲ.

ಆಮೇಲೆ ಮ್ಯಾನೇಜರ್‌ಗೆ ಫೋನ್ ಮಾಡಿಸಿದೆ, ಒಂದೇ ನಿಮಿಷ. ‘ಬಾಕಿ ಪಟ್ಟಿ ಡೀಲರ್ ಗ್ರೂಪಿಗೆ ಹಾಕಿಬಿಟ್ಟೆ ಸರ್, ಅಳಿಸಿದ್ದೀನಿ, ವಿವರ ಮೇಲ್ ಮಾಡ್ತಿದ್ದೀನಿ.’ ಇಂಥ ಸುದ್ದಿ ಡೀಲರ್ ಬಾಯಿಂದ ಮೊದಲು ಬರಬಾರದು. ಹೊಸ ಇಮೇಲ್ ಹೀಗಾಯಿತು:

“ವಿಷಯ: ಬಾಕಿ ಪಟ್ಟಿಯನ್ನು ತಪ್ಪಾಗಿ ಡೀಲರ್ ಗ್ರೂಪಿಗೆ ಹಾಕಿರುವ ಬಗ್ಗೆ, ಇಂದು ಸಂಜೆ 5.40

ಸರ್,

ವಸೂಲಿ ಗ್ರೂಪಿಗೆ ಹಾಕಬೇಕಿದ್ದ ಬಾಕಿ ಪಟ್ಟಿಯನ್ನು ಇಂದು ಸಂಜೆ 5.40ಕ್ಕೆ ಡೀಲರ್‌ಗಳ ಗ್ರೂಪಿಗೆ ಹಾಕಿದೆ. ಗ್ರೂಪಿನ ಹೆಸರು ನೋಡದೆ ಕಳಿಸಿದ್ದು ನನ್ನ ತಪ್ಪು. ಕ್ಷಮಿಸಿ.

ಪಟ್ಟಿಯಲ್ಲಿ 6 ಡೀಲರ್‌ಗಳ ಬಾಕಿ ಇತ್ತು. ನುಡಿಯಿಂದ ನೇರ ಪೇಸ್ಟ್ ಮಾಡಿದ್ದರಿಂದ ಹೆಸರುಗಳು ಓದಲು ಬರುವುದಿಲ್ಲ. ಆದರೆ ಡೀಲರ್ ಕೋಡ್ ಮತ್ತು ಮೊತ್ತ ಸ್ಪಷ್ಟವಾಗಿ ಕಾಣುತ್ತವೆ.

5.52ಕ್ಕೆ ಎಲ್ಲರಿಗೂ ಅಳಿಸಿದೆ. ಅಷ್ಟರಲ್ಲಿ ಕನಿಷ್ಠ 11 ಜನ ಓದಿದ್ದರು. ಅವರಲ್ಲಿ DL-14 ಮತ್ತು DL-22 ಅವರ ಬಾಕಿ ಪಟ್ಟಿಯಲ್ಲಿ ಇತ್ತು. ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.

ಗ್ರೂಪಿನಲ್ಲಿ ಬೇರೇನೂ ಬರೆದಿಲ್ಲ. ಡೀಲರ್‌ಗಳಿಗೆ ಏನು ಹೇಳಬೇಕು, ಯಾರು ಫೋನ್ ಮಾಡಬೇಕು ತಿಳಿಸಿ.”

‘ಕ್ಷಮಿಸಿ’ ಒಂದೇ ಸಲ ಬಂದಿದೆ, ಸಾಕು. ‘ಮುಂದೆ ಹೀಗಾಗದಂತೆ’ ಅನ್ನುವ ಸಾಲನ್ನು ತೆಗೆಸಿದೆ. ಏನು ಬದಲಾಯಿಸುತ್ತೇವೆ ಅನ್ನುವುದು ಆ ಹೊತ್ತಿಗೆ ನಮಗೇ ಗೊತ್ತಿರಲಿಲ್ಲ, ಸುಮ್ನೆ ಯಾಕೆ ಬರೆಯುವುದು? ಪಟ್ಟಿಯನ್ನು ಲಗತ್ತಿಸಲಿಲ್ಲ, ಯಾರಿಗೂ ಸಿಸಿ ಹಾಕಲಿಲ್ಲ. ಸ್ಕ್ರೀನ್‌ಶಾಟ್‌ನಲ್ಲಿ ಓದಿದವರ ಹೆಸರಿರುತ್ತದೆ, ಮೇಲೆ ಪಟ್ಟಿಯೂ ಕಾಣಬಹುದು. ಅದು ಇನ್ನೊಂದು ಸುತ್ತು ಹೊಡೆಯುವುದು ಬೇಡ. ಮತ್ತೆ, ಈ ಇಮೇಲನ್ನು ಹುಡುಗ ಯೂನಿಕೋಡ್‌ನಲ್ಲೇ ಟೈಪ್ ಮಾಡಿದ. ಕ್ಷಮೆ ಕೇಳುವ ಪತ್ರವೂ `¨ÁQ` ಅಂತ ಹೋಗಿ ನಿಂತರೆ ನಗೆಪಾಟಲು.

ಗ್ರೂಪಿನಲ್ಲಿ ತಕ್ಷಣ ‘ದಯವಿಟ್ಟು ಮೇಲಿನ ಮೆಸೇಜ್ ನೋಡಬೇಡಿ’ ಅಂತ ಹಾಕಲು ಅವನು ಹೊರಟಿದ್ದ. ನಾನು ಬೇಡ ಅಂದೆ. ನೋಡದವರೂ ಆಗ ಹುಡುಕಿ ನೋಡುತ್ತಾರೆ. ಡೀಲರ್‌ಗಳ ಜತೆ ಮಾತು ಮ್ಯಾನೇಜರ್ ಕೆಲಸ, ಸಂಬಂಧ ಅವರದ್ದು.

ಮ್ಯಾನೇಜರ್ ಉತ್ತರ ಚಿಕ್ಕದಾಗಿತ್ತು: “DL-22 ಜತೆ ನಾನು ಮಾತಾಡ್ತೀನಿ. ಉಳಿದ ಐವರಿಗೆ ಬೆಳಿಗ್ಗೆ ನೀವು ಫೋನ್ ಮಾಡಿ. ಗ್ರೂಪಲ್ಲಿ ಏನೂ ಬೇಡ.” DL-22 ಯಾಕೆ ಅಂತ ನಮಗೆ ಆಮೇಲೆ ತಿಳಿಯಿತು. ಅವರು ಚೆಕ್ ಕೊಟ್ಟಾಗಿತ್ತು, ಬ್ಯಾಂಕಿನಲ್ಲಿ ಇನ್ನೂ ಪಾಸಾಗಿರಲಿಲ್ಲ, ನಮ್ಮ ಪಟ್ಟಿಯಲ್ಲಿ ಪೂರ್ತಿ ಬಾಕಿ ಅಂತಲೇ ಇತ್ತು. ಕೊಟ್ಟ ದುಡ್ಡನ್ನು ಬಾಕಿ ಅಂತ ನಾಲ್ಕು ಜನರ ಮುಂದೆ ತೋರಿಸಿದರೆ ಯಾರಿಗೆ ಸಿಟ್ಟು ಬರಲ್ಲ ಹೇಳಿ. ಇಮೇಲಿನಲ್ಲಿ ಕೋಡ್ ಇದ್ದಿದ್ದಕ್ಕೆ ಮ್ಯಾನೇಜರ್‌ಗೆ ಅದು ತಕ್ಷಣ ಹೊಳೆಯಿತು.

ಈಗ ಎರಡು ಗ್ರೂಪಿನ ಹೆಸರೂ ಬದಲಾಗಿದೆ. ಮೊದಲು ಎರಡೂ ‘ಡೀಲರ್ಸ್ ದಾವಣಗೆರೆ’ ಅಂತಲೇ ಶುರುವಾಗುತ್ತಿದ್ದವು, ‘ವಸೂಲಿ’ ಅನ್ನುವ ಪದ ಪರದೆಯಲ್ಲಿ ಕತ್ತರಿಸಿ ಹೋಗುತ್ತಿತ್ತು. ಈಗ ‘ವಸೂಲಿ – ಒಳಗಿನವರು’ ಅಂತ ಬೇರೆ ಪದವೇ ಮೊದಲು ಬರುತ್ತದೆ, ಗ್ರೂಪಿನ ಚಿತ್ರವೂ ಬೇರೆ. ಪಟ್ಟಿಯಲ್ಲಿ ‘ಚೆಕ್ ಬಂದಿದೆ, ಪಾಸಾಗಿಲ್ಲ’ ಅಂತ ಒಂದು ಕಾಲಂ ಹೆಚ್ಚಿಗೆ ಸೇರಿದೆ. ಹಳೆ ಕಂಪ್ಯೂಟರ್ ಇನ್ನೂ ಅಲ್ಲೇ ಇದೆ, ಆದರೆ ಅದರಲ್ಲಿ ವಾಟ್ಸಾಪ್ ವೆಬ್ ಲಾಗೌಟ್ ಮಾಡಿಸಿದ್ದೇವೆ.