ಓಟ್ಸ್ ಬಿಸ್ಕತ್ತಿನ ಹಿಂಬದಿ

ಮೊನ್ನೆ ಸಂಜೆ ಬದಿಯಡ್ಕ ಪೇಟೆಯ ಒಂದು ಅಂಗಡಿಯಲ್ಲಿ ನಿವೃತ್ತ ಮಾಷ್ಟ್ರೊಬ್ಬರು ಓಟ್ಸ್ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ನಿಂತಿದ್ದರು. ಅವರಿಗೆ ಶುಗರ್. ಪೊಟ್ಟಣದ ಎದುರಿಗೆ ಅರ್ಧ ಸೇಬು, ನಾಲ್ಕು ಓಟ್ಸ್ ಕಾಳು, ಪಕ್ಕದಲ್ಲಿ ‘ಸಂಸ್ಕರಿಸಿದ ಸಕ್ಕರೆ ಇಲ್ಲ, ಸೇಬಿನ ಸಹಜ ಸಿಹಿ’ ಎಂಬ ಅರ್ಥದ ಸಾಲು. “ಶುಗರಿನವರೆಲ್ಲ ಇದನ್ನೇ ಕೊಂಡುಹೋಗುವುದು ಮಾಷ್ಟ್ರೇ” ಎಂದ ಅಂಗಡಿಯವ. ಮಾಷ್ಟ್ರು ನನ್ನ ಕಡೆ ತಿರುಗಿ, “ನೀವೇ ಹೇಳಿ, ಇದು ಆಗ್ತದಾ?” ಎಂದರು.

ಅದಕ್ಕೆ ಉತ್ತರ ಎದುರುಬದಿಯಲ್ಲಿ ಸಿಗುವುದಿಲ್ಲ. ಹಿಂದೆ, ಮಡಿಕೆಯ ಹತ್ತಿರ, ಸಾಸಿವೆ ಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಸಂಗತಿಗಳಿರುತ್ತವೆ: ಏನೇನು ಹಾಕಿದ್ದಾರೆ ಎಂಬ ಪಟ್ಟಿ, ಮತ್ತು 100 ಗ್ರಾಂನಲ್ಲಿ ಏನೆಷ್ಟಿದೆ ಎಂಬ ಕೋಷ್ಟಕ. ಈ ವಿವರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ನಿಯಮಕ್ಕೆ ಸಾಕು. ಹಾಗಾಗಿ ನಮ್ಮ ಕಾಸರಗೋಡಿನಲ್ಲಿ ಕನ್ನಡ ಓದುವವರಿಗೂ ಮಲಯಾಳ ಓದುವವರಿಗೂ ಇದು ಒಂದೇ ರೀತಿಯ ತಲೆನೋವು. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದುವುದೇ ಸುಲಭ.

ಪಟ್ಟಿ ಹೀಗಿತ್ತು: ಮೈದಾ 56%, ತಾಳೆ ಎಣ್ಣೆ, ಮಾಲ್ಟೋಡೆಕ್ಸ್‌ಟ್ರಿನ್, ಓಟ್ಸ್ 6%, ಡೆಕ್ಸ್‌ಟ್ರೋಸ್, ಸೇಬಿನ ರಸದ ಸಾಂದ್ರ, ಹಾಲಿನ ಘನಾಂಶ, ಆಮೇಲೆ ಹಿಟ್ಟು ಉಬ್ಬಿಸುವ ಪುಡಿಗಳು, ಉಪ್ಪು.

ಈ ಪಟ್ಟಿ ಓದುವುದಕ್ಕೆ ಒಂದು ಕ್ರಮವಿದೆ. ತಯಾರಿಸುವಾಗ ತೂಕದಲ್ಲಿ ಯಾವುದು ಹೆಚ್ಚೋ ಅದು ಮೊದಲು, ಕಡಿಮೆಯದು ಕೊನೆಗೆ. ಸಿಹಿಯನ್ನೆಲ್ಲ ಒಂದೇ ಹೆಸರಿನಲ್ಲಿ ಹಾಕಿದರೆ ಅದು ಎರಡನೆಯದೋ ಮೂರನೆಯದೋ ಆಗಿ ಮೇಲೆ ಬಂದು ಕೂರುತ್ತದೆ. ಅದನ್ನೇ ಮೂರು ಹೆಸರಿಗೆ ಹಂಚಿದರೆ ಒಂದೊಂದೂ ಕೆಳಗೆ ಇಳಿಯುತ್ತದೆ, ಯಾವುದೂ ಕಣ್ಣಿಗೆ ಹೊಡೆಯುವುದಿಲ್ಲ. ಪಟ್ಟಿಯಲ್ಲಿ ‘ಸಕ್ಕರೆ’ ಎಂದು ಬರುವುದು ಕಬ್ಬಿನಿಂದಲೋ ಬೀಟ್‌ನಿಂದಲೋ ಬಂದ ಸುಕ್ರೋಸ್ ಮಾತ್ರ. ಆ ಹೆಸರು ಇಲ್ಲ ಎಂದಾಕ್ಷಣ ಬಿಸ್ಕತ್ತಿನಲ್ಲಿ ಸಕ್ಕರೆಯೇ ಇಲ್ಲ ಎಂದಾಗುವುದಿಲ್ಲ.

ಇಲ್ಲಿ ಓಟ್ಸ್‌ನ 6% ತುಂಬ ಉಪಕಾರಿ. ಎದುರಿಗೆ ಚಿತ್ರ ಹಾಕಿ ಕೊಚ್ಚಿಕೊಂಡ ಪದಾರ್ಥದ ಶೇಕಡಾವಾರನ್ನು ಹೇಳಬೇಕು, ಓಟ್ಸ್‌ನದ್ದನ್ನು ಹೇಳಿದ್ದಾರೆ. ಅದನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಮಾಲ್ಟೋಡೆಕ್ಸ್‌ಟ್ರಿನ್ ಅದಕ್ಕಿಂತ ಮೊದಲು ಬಂದಿದೆ, ಅಂದರೆ 6ಕ್ಕಿಂತ ಕಡಿಮೆ ಇರಲಾರದು. ಡೆಕ್ಸ್‌ಟ್ರೋಸ್ ಮತ್ತು ಸೇಬಿನ ಸಾಂದ್ರ ಅದರ ನಂತರ, ಹಾಗಾಗಿ ಒಂದೊಂದೂ 6ಕ್ಕಿಂತ ಹೆಚ್ಚಿರಲಾರದು. ಯಾವುದರ ಹೆಸರಿನಲ್ಲಿ ಬಿಸ್ಕತ್ತು ಮಾರಾಟವಾಗುತ್ತಿದೆಯೋ ಆ ಓಟ್ಸ್‌ಗಿಂತ ಮಾಲ್ಟೋಡೆಕ್ಸ್‌ಟ್ರಿನ್ ಕಡಿಮೆಯೇನಿಲ್ಲ! ಮಾಷ್ಟ್ರು ಕನ್ನಡಕ ಸರಿಮಾಡಿಕೊಂಡು ಆ ಸಾಲನ್ನು ತಾವೇ ಇನ್ನೊಮ್ಮೆ ಓದಿದರು.

ಮೂರೂ ಒಂದೇ ಜಾತಿಯವಲ್ಲ. ಡೆಕ್ಸ್‌ಟ್ರೋಸ್ ಎಂದರೆ ಗ್ಲೂಕೋಸೇ, ರಕ್ತದಲ್ಲಿ ಓಡಾಡುವ ಅದೇ ಸಕ್ಕರೆ. ಒಡೆಯುವ ಕೆಲಸವೇನೂ ಇಲ್ಲ, ಕರುಳಿನಿಂದ ನೇರ ರಕ್ತಕ್ಕೆ. ಸಾಮಾನ್ಯ ಸಕ್ಕರೆಯಷ್ಟು ಸಿಹಿಯಿಲ್ಲ, ಆದರೆ ಒಲೆಯಲ್ಲಿ ಬೇಗ ಕೆಂಪಗಾಗುತ್ತದೆ. ಬಿಸ್ಕತ್ತಿನ ಹೊಂಬಣ್ಣಕ್ಕೆ ಅದು ಬೇಕು.

ಸೇಬಿನ ಸಾಂದ್ರದ ಕತೆ ಬೇರೆ. ಸೇಬಿನ ರಸದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ಸಕ್ಕರೆ. ನೀರನ್ನು ಆವಿ ಮಾಡಿ ಇಳಿಸುತ್ತ ಹೋದರೆ ಕೊನೆಗೆ ನೂರರಲ್ಲಿ 65–70ರಷ್ಟು ಸಕ್ಕರೆಯಿರುವ ಪಾಕ ಉಳಿಯುತ್ತದೆ. ಮನೆಯಲ್ಲಿ ಜೋನಿಬೆಲ್ಲ ಕಾಯಿಸಿ ಇಳಿಸುವ ಕೆಲಸವೇ ಅದು, ನಾರು ಮಾತ್ರ ಆಗಲೇ ಹಿಂಡಿ ಹೋಗಿರುತ್ತದೆ. ಅದರಲ್ಲಿ ಫ್ರಕ್ಟೋಸ್ ಹೆಚ್ಚು. ಗ್ಲೂಕೋಮೀಟರಿನಲ್ಲಿ ಅದು ಅಷ್ಟಾಗಿ ಕಾಣದು, ಯಕೃತ್ತಿಗೆ ಹೋಗುತ್ತದೆ. ಕಂಡಿಲ್ಲ ಎಂದು ಲೆಕ್ಕದಿಂದ ಬಿಡುವ ಹಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಮಿತಿಯಲ್ಲಿಡಿ ಎಂದ ಸಕ್ಕರೆಗಳ ಸಾಲಿನಲ್ಲಿ ಜೇನು, ಪಾಕಗಳ ಜೊತೆ ಹಣ್ಣಿನ ರಸದ ಸಾಂದ್ರವೂ ಇದೆ. ನಮ್ಮ ಆಹಾರ ನಿಯಮದಲ್ಲೂ ಸಕ್ಕರೆಯ ಬದಲಿಗೆ ಸಾಂದ್ರ ಹಾಕಿದವರು ‘ಸಕ್ಕರೆ ಸೇರಿಸಿಲ್ಲ’ ಎಂದು ಹೇಳಿಕೊಳ್ಳುವಂತಿಲ್ಲ. ಈ ಪೊಟ್ಟಣದವರು ‘ಸಂಸ್ಕರಿಸಿದ ಸಕ್ಕರೆ ಇಲ್ಲ’ ಎಂದು ಅಳೆದು ತೂಗಿ ಬರೆದದ್ದರಲ್ಲಿ ಆ ಜಾಣತನ ಕಾಣುತ್ತದೆ.

ಮಾಲ್ಟೋಡೆಕ್ಸ್‌ಟ್ರಿನ್ನೇ ನಿಜವಾಗಿ ಯಾಮಾರಿಸುವುದು. ಮೆಕ್ಕೆಜೋಳದ್ದೋ ಮರಗೆಣಸಿನದ್ದೋ ಪಿಷ್ಟವನ್ನು ಅರ್ಧಂಬರ್ಧ ಒಡೆದು ಒಣಗಿಸಿದ ಬಿಳಿ ಪುಡಿ ಅದು. ನಾಲಗೆಗೆ ಸಿಹಿಯೇ ಇಲ್ಲ ಎನ್ನಬಹುದು. ಸಕ್ಕರೆ ತೆಗೆದಾಗ ಹಿಟ್ಟಿನಲ್ಲಿ ಕಳೆದುಹೋಗುವ ಗಾತ್ರವನ್ನು ತುಂಬಿಸಲು ಹಾಕುತ್ತಾರೆ. ಹೊಟ್ಟೆಯಲ್ಲಿ ಮಾತ್ರ ಅದು ಕ್ಷಣದಲ್ಲಿ ಗ್ಲೂಕೋಸ್ ಆಗುತ್ತದೆ, ರಕ್ತದ ಗ್ಲೂಕೋಸನ್ನು ಸಾಮಾನ್ಯ ಸಕ್ಕರೆಗಿಂತ ಬೇಗ ಏರಿಸುತ್ತದೆ. ಆದರೂ ಕೋಷ್ಟಕದ ‘ಸಕ್ಕರೆ’ ಸಾಲಿನಲ್ಲಿ ಅದು ಬರುವುದಿಲ್ಲ. ಆ ಸಾಲಿಗೆ ಸೇರುವುದು ಒಂದು ಅಥವಾ ಎರಡು ಕೊಂಡಿಯ ಸಕ್ಕರೆಗಳು ಮಾತ್ರ, ಇದರ ಸರಪಳಿ ಅದಕ್ಕಿಂತ ಉದ್ದ. ಇದರಲ್ಲಿ ಕಾನೂನು ಮುರಿದದ್ದೇನೂ ಇಲ್ಲ, ಸಾಲಿನ ವ್ಯಾಖ್ಯೆಯೇ ಹಾಗಿದೆ.

ಒಂದು ಮಾತು: ಪಟ್ಟಿಯ ಕೊನೆಯಲ್ಲಿ, ಉಪ್ಪಿನ ನಂತರ, ಪರಿಮಳದ ಪುಡಿಯ ಜೊತೆ ಇದೇ ಹೆಸರು ಕಂಡರೆ ಗಾಬರಿ ಬೇಡ. ಅಲ್ಲಿ ಅದು ಪರಿಮಳವನ್ನು ಹಿಡಿದಿಡುವ ಚಿಟಿಕೆ ಪುಡಿ ಅಷ್ಟೆ. ಹೆಸರಿಗಿಂತ ಅದು ನಿಂತ ಜಾಗ ಮುಖ್ಯ.

ಈಗ ಕೋಷ್ಟಕ. 100 ಗ್ರಾಂಗೆ ಕಾರ್ಬೋಹೈಡ್ರೇಟ್ 67 ಗ್ರಾಂ, ಅದರಲ್ಲಿ ಒಟ್ಟು ಸಕ್ಕರೆ 10, ಸೇರಿಸಿದ ಸಕ್ಕರೆ 8.4. ಈ 8.4ರಲ್ಲಿ ಡೆಕ್ಸ್‌ಟ್ರೋಸ್ ಇದೆ, ಸೇಬಿನ ಪಾಕದ ಸಕ್ಕರೆ ಇದೆ. ಉಳಿದ 1.6 ಹಾಲು ಮತ್ತು ಹಿಟ್ಟಿನದ್ದು. ಮಾಲ್ಟೋಡೆಕ್ಸ್‌ಟ್ರಿನ್ ಅಡಗಿರುವುದು 67ರೊಳಗೆ. ಒಂದು ಸರ್ತಿಯ ಪ್ರಮಾಣ ಎಂದು ಮೂರು ಬಿಸ್ಕತ್ತು, 25 ಗ್ರಾಂ ತೋರಿಸಿದ್ದಾರೆ. ಅದಕ್ಕೆ ಸೇರಿಸಿದ ಸಕ್ಕರೆ 2.1 ಗ್ರಾಂ, ದಿನದ 50 ಗ್ರಾಂನ ಲೆಕ್ಕದಲ್ಲಿ ಬರೀ 4%. ನೋಡಿದರೆ ಯಾರಿಗೂ ಧೈರ್ಯ ಬರಬೇಕು. ಆದರೆ ಪೊಟ್ಟಣ 75 ಗ್ರಾಂನದು, ಸಂಜೆಯ ಚಹಾಕ್ಕೆ ಅದು ಒಬ್ಬರಿಗೇ ಮುಗಿಯುತ್ತದೆ.

ಸಾಮಾನ್ಯ ಮೇರಿ ಬಿಸ್ಕತ್ತಿನ ಜೊತೆ ಇಟ್ಟು ನೋಡಿದೆವು. ಅದರಲ್ಲಿ 100 ಗ್ರಾಂಗೆ ಸಕ್ಕರೆ ಸುಮಾರು 20, ಕಾರ್ಬೋಹೈಡ್ರೇಟ್ ಸುಮಾರು 75. ಸಕ್ಕರೆಯ ಸಾಲು ನೋಡಿದರೆ ಓಟ್ಸ್ ಬಿಸ್ಕತ್ತು ಅರ್ಧಕ್ಕೆ ಅರ್ಧ ಒಳ್ಳೆಯದು. ಕಾರ್ಬೋಹೈಡ್ರೇಟ್ ನೋಡಿದರೆ 75 ಗ್ರಾಂ ತಿಂದಾಗ ಇದರಿಂದ 50 ಗ್ರಾಂ, ಮೇರಿಯಿಂದ 56. ಶುಗರಿನವರಿಗೆ ಸಿಗುವ ಲಾಭ ಆ 6 ಗ್ರಾಂ. ಬೆಲೆ ಮಾತ್ರ ಎರಡು ಪಟ್ಟು. ಅಂಗಡಿಯವನಿಗೆ ಈ ಮಾತು ಅಷ್ಟೇನೂ ರುಚಿಸಲಿಲ್ಲ.

ಇನ್ನು ಮೈದಾವನ್ನೂ ಮರೆಯುವಂತಿಲ್ಲ. ಮಾಲ್ಟೋಡೆಕ್ಸ್‌ಟ್ರಿನ್ ಒಂದನ್ನೇ ಕಳ್ಳ ಎಂದು ಬೊಟ್ಟು ಮಾಡಿ, ಮೇಲೆ ಕೂತ 56% ಮೈದಾವನ್ನು ಬಿಡುವವರೂ ಇದ್ದಾರೆ. ಅದರ ಪಿಷ್ಟವೂ ಗ್ಲೂಕೋಸ್ ಆಗಿಯೇ ರಕ್ತ ಸೇರುವುದು. ಹಾಗಾಗಿ ಸಕ್ಕರೆ ಕಾಯಿಲೆಯಿದ್ದವರು ಮೊದಲು ಕಾರ್ಬೋಹೈಡ್ರೇಟ್ ಸಾಲು ನೋಡಬೇಕು, ಸೇರಿಸಿದ ಸಕ್ಕರೆಯನ್ನು ಆಮೇಲೆ. ಮಕ್ಕಳಿಗೆ ಕೊಳ್ಳುವವರು ಸೇರಿಸಿದ ಸಕ್ಕರೆಯಿಂದ ಶುರು ಮಾಡಲಿ.

“ಹಾಗಾದರೆ ತಿನ್ನಲೇಬಾರದಾ?” ಎಂದರು ಮಾಷ್ಟ್ರು. ಮೂರು ಬಿಸ್ಕತ್ತಿಗೆ ಸುಮಾರು 17 ಗ್ರಾಂ ಕಾರ್ಬೋಹೈಡ್ರೇಟ್, ಒಂದು ಸಣ್ಣ ಚಪಾತಿಯಷ್ಟು. ಮೂರು ತಿಂದ ದಿನ ರಾತ್ರಿ ಒಂದು ಚಪಾತಿ ಬಿಡಿ ಎಂದೆ. ಅವರು ಪೊಟ್ಟಣವನ್ನು ಅಲ್ಲೇ ಇಟ್ಟು, “ಚಪಾತಿ ಬಿಡುವುದಾದರೆ ಮೇರಿಯೇ ಆಗ್ತದೆ” ಎಂದು ಅದನ್ನೇ ತೆಗೆದುಕೊಂಡರು.