ಮಗಳ ಮನೆಗೆ ಬ್ರಿಟನ್ ಪ್ರವಾಸ: ವೀಸಾಕ್ಕಾಗಿ ಹಣದ ದಾಖಲೆಗಳನ್ನು ಹೊಂದಿಸಿದ ಬಗೆ

ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ಸಾಗರದ ಬಳಿ ನಮಗೆ ಸ್ವಲ್ಪ ಅಡಿಕೆ ತೋಟವಿದೆ. ಬ್ರಿಟನ್ನಿನ ಲೀಡ್ಸ್ ನಗರದಲ್ಲಿ ಉದ್ಯೋಗದಲ್ಲಿರುವ ಮಗಳ ಮನೆಯಲ್ಲಿ ಆರು ವಾರ ಇದ್ದು ಬರಲು ನಾನೂ ನನ್ನ ಪತ್ನಿಯೂ ಸ್ಟ್ಯಾಂಡರ್ಡ್ ವಿಸಿಟರ್ ವೀಸಾಕ್ಕೆ ಅರ್ಜಿ ಹಾಕಿದೆವು. ಆ ತಯಾರಿಯಲ್ಲಿ ಹೆಚ್ಚು ಯೋಚನೆ ಬೇಡಿದ್ದು ಹಣದ ದಾಖಲೆಗಳೇ. ಪಿಂಚಣಿ ಮತ್ತು ಕೃಷಿ ಆದಾಯವನ್ನು ನೆಚ್ಚಿಕೊಂಡಿರುವ, ಮಕ್ಕಳ ಮನೆಗೆ ಹೊರಟಿರುವ ತಂದೆತಾಯಂದಿರಿಗೆ ಉಪಯೋಗವಾಗಲೆಂದು ನಾವು ಮಾಡಿದ್ದನ್ನು ಇಲ್ಲಿ ವಿವರಿಸುತ್ತೇನೆ.

ಖಾತೆಯಲ್ಲಿ ಎಷ್ಟು ಲಕ್ಷ ಇದ್ದರೆ ವೀಸಾ ಸಿಗುತ್ತದೆ ಎಂಬುದು ಎಲ್ಲರೂ ಮೊದಲು ಕೇಳುವ ಪ್ರಶ್ನೆ. ಷೆಂಗೆನ್ ದೇಶಗಳು ದಿನಕ್ಕೆ ಇಂತಿಷ್ಟು ಹಣವಿರಬೇಕೆಂದು ಮಾರ್ಗಸೂಚಿ ಮೊತ್ತಗಳನ್ನು ಪ್ರಕಟಿಸುತ್ತವೆ. ಬ್ರಿಟನ್ನಿನ ವಿಸಿಟರ್ ವೀಸಾಕ್ಕೆ ಅಂಥ ನಿಗದಿತ ಮೊತ್ತವಿಲ್ಲ. ಅಲ್ಲಿ ಕೆಲಸ ಮಾಡದೆ, ಸರ್ಕಾರದ ನೆರವು ಪಡೆಯದೆ, ಹಿಂದಿರುಗುವ ಪ್ರಯಾಣವೂ ಸೇರಿದಂತೆ ಭೇಟಿಯ ಎಲ್ಲ ನ್ಯಾಯಯುತ ಖರ್ಚನ್ನು ಭರಿಸಲು ಸಾಕಾಗುವಷ್ಟು ಹಣ ಅರ್ಜಿದಾರರಿಗೆ ಇರಬೇಕು ಎಂದಷ್ಟೇ ನಿಯಮ ಹೇಳುತ್ತದೆ. ಹೀಗಾಗಿ ಅಧಿಕಾರಿ ಕೊನೆಯ ಸಾಲಿನ ಬಾಕಿಯನ್ನು ಮಾತ್ರ ನೋಡುವುದಿಲ್ಲ. ಆ ಹಣ ಎಲ್ಲಿಂದ ಬಂತು, ಅದು ನಿಜವಾಗಿಯೂ ಇವರದೇ ಹೌದೇ, ಇಷ್ಟು ಆದಾಯದವರು ಇಷ್ಟು ಖರ್ಚಿನ ಪ್ರವಾಸಕ್ಕೆ ಹೊರಡುವುದು ಸಹಜವೇ ಎಂದು ತೂಗಿ ನೋಡುತ್ತಾರೆ. ಸಾಮಾನ್ಯವಾಗಿ ಸಂದರ್ಶನವಿರುವುದಿಲ್ಲ. ಬೆಂಗಳೂರಿನ ಅರ್ಜಿ ಕೇಂದ್ರದವರು ಬೆರಳಚ್ಚು, ಭಾವಚಿತ್ರ ಮತ್ತು ಕಾಗದಪತ್ರಗಳನ್ನು ಪಡೆದು ಮುಂದಕ್ಕೆ ಕಳುಹಿಸುತ್ತಾರೆಯೇ ಹೊರತು ತೀರ್ಮಾನ ಮಾಡುವವರು ಅವರಲ್ಲ. ನಮ್ಮ ಪರವಾಗಿ ಮಾತನಾಡಬೇಕಾದದ್ದು ಕಾಗದವೇ.

ನಮ್ಮ ಉಳಿತಾಯ ಖಾತೆಗೆ ಪ್ರತಿ ತಿಂಗಳು 42,000 ರೂಪಾಯಿ ಪಿಂಚಣಿ ಬರುತ್ತದೆ. ಮನೆಖರ್ಚು ಸುಮಾರು 25,000. ಅರ್ಜಿಯ ನಮೂನೆಯಲ್ಲಿ ತಿಂಗಳ ಆದಾಯ ಎಷ್ಟು, ತಿಂಗಳ ಖರ್ಚು ಎಷ್ಟು, ಈ ಪ್ರವಾಸಕ್ಕೆ ಎಷ್ಟು ವ್ಯಯಿಸುತ್ತೀರಿ, ಬೇರೆ ಯಾರಾದರೂ ಖರ್ಚು ಕೊಡುತ್ತಾರೆಯೇ, ಕೊಡುವುದಾದರೆ ಎಷ್ಟು ಮತ್ತು ಏಕೆ ಎಂಬ ಪ್ರಶ್ನೆಗಳಿರುತ್ತವೆ. ಅಲ್ಲಿ ಬರೆಯುವ ಪ್ರತಿಯೊಂದು ಅಂಕಿಯನ್ನೂ ಸ್ಟೇಟ್‌ಮೆಂಟಿನ ಸಾಲುಗಳೊಂದಿಗೆ ಹೋಲಿಸಿ ನೋಡುತ್ತಾರೆಂದು ಭಾವಿಸಿಯೇ ನಮೂನೆಯನ್ನು ತುಂಬಬೇಕು. ನಾವು ಮೊದಲು ಆರು ತಿಂಗಳ ಸ್ಟೇಟ್‌ಮೆಂಟನ್ನು ಮುಂದಿಟ್ಟುಕೊಂಡು ಜಮೆ ಮತ್ತು ಖರ್ಚಿನ ಸರಾಸರಿಯನ್ನು ತೆಗೆದೆವು, ಆಮೇಲೆ ನಮೂನೆ ತೆರೆದೆವು. ಆದಾಯವನ್ನು ಹೆಚ್ಚಿಸಿ ಅಥವಾ ಖರ್ಚನ್ನು ತಗ್ಗಿಸಿ ಬರೆದರೆ ಗೌರವ ಹೆಚ್ಚುತ್ತದೆಂದು ಕೆಲವರು ತಿಳಿಯುತ್ತಾರೆ. ಸ್ಟೇಟ್‌ಮೆಂಟಿನಲ್ಲಿ ಪ್ರತಿ ತಿಂಗಳು 25,000 ಹೋಗುತ್ತಿರುವುದು ಕಾಣುವಾಗ ನಮೂನೆಯಲ್ಲಿ 10,000 ಎಂದಿದ್ದರೆ, ಉಳಿದ ಉತ್ತರಗಳ ಮೇಲೂ ಅಧಿಕಾರಿಗೆ ಸಂಶಯ ಹುಟ್ಟುವುದು ಸಹಜ.

ನಮ್ಮ ಸ್ಟೇಟ್‌ಮೆಂಟಿನಲ್ಲಿ ಪಿಂಚಣಿಯ ನಡುವೆ ಒಂದು ದೊಡ್ಡ ಜಮೆಯಿತ್ತು: ಅಡಿಕೆ ಮಾರಾಟದಿಂದ ಬಂದ 2,18,400 ರೂಪಾಯಿ. ಮಲೆನಾಡಿನವರಿಗೆ ಇದು ವರ್ಷವರ್ಷದ ಸಂಗತಿ. ಆದರೆ ತಿಂಗಳಿಗೆ 42,000 ಆದಾಯವೆಂದು ಓದಿಕೊಂಡು ಬಂದ ಅಧಿಕಾರಿಯ ಕಣ್ಣಿಗೆ, ಅರ್ಜಿಗೆ ಕೆಲವು ವಾರಗಳ ಮುಂಚೆ ಬಂದು ಬಿದ್ದ ಐದು ತಿಂಗಳ ಪಿಂಚಣಿಗೂ ಮೀರಿದ ಮೊತ್ತವದು. ವಿವರಣೆ ಇಲ್ಲದೆ ಬಿಟ್ಟರೆ, ವೀಸಾಕ್ಕಾಗಿ ಯಾರಿಂದಲೋ ತಂದು ತಾತ್ಕಾಲಿಕವಾಗಿ ಇಟ್ಟ ಹಣವೆಂದು ಅವರು ಊಹಿಸಬಹುದು. ಅದಕ್ಕಾಗಿ ಸಹಕಾರ ಸಂಘ ಕೊಟ್ಟ ಮಾರಾಟದ ಪಟ್ಟಿಯನ್ನು ಲಗತ್ತಿಸಿದೆವು. ಆರು ಕ್ವಿಂಟಲ್ ರಾಶಿ ಅಡಿಕೆ, ಕ್ವಿಂಟಲಿಗೆ 47,000ದಂತೆ 2,82,000. ಅದರಲ್ಲಿ ಸಂಘದ ಸಾಲಕ್ಕೆ ಮುರಿದುಕೊಂಡ 60,000 ಹಾಗೂ ಹಮಾಲಿ ಇತ್ಯಾದಿ 3,600 ಕಳೆದು ಉಳಿದದ್ದು 2,18,400. ಈ ಕಡಿತದ ಲೆಕ್ಕವನ್ನೂ ತೋರಿಸುವುದು ಮುಖ್ಯ. ಮಾರಾಟದ ಮೊತ್ತ ಒಂದಾಗಿ, ಖಾತೆಗೆ ಬಂದದ್ದು ಇನ್ನೊಂದಾಗಿದ್ದರೆ ಆಧಾರವಾಗಿ ಕೊಟ್ಟ ಕಾಗದವೇ ಪ್ರಶ್ನೆಗೆ ಎಡೆಮಾಡುತ್ತದೆ. ಹಿಂದಿನ ವರ್ಷದ ಇದೇ ಕಾಲದ ಜಮೆಯೂ ಕಾಣಲೆಂದು ಆ ಒಂದು ತಿಂಗಳ ಸ್ಟೇಟ್‌ಮೆಂಟನ್ನು ಹಿಂದಿನ ಪಟ್ಟಿಯೊಂದಿಗೆ ಸೇರಿಸಿದೆವು. ಅರ್ಜಿಯ ದಿನಕ್ಕೆ ಒಂದು ವರ್ಷಕ್ಕಿಂತ ಹಿಂದೆ ಬ್ಯಾಂಕು ನೀಡಿದ ಸ್ಟೇಟ್‌ಮೆಂಟನ್ನು ಕೊಡಬಾರದೆಂದು ಬ್ರಿಟನ್ ಸರ್ಕಾರದ ಮಾರ್ಗದರ್ಶಿಯಲ್ಲಿದೆ. ನಮ್ಮದು ಆ ಗಡಿಯೊಳಗೇ ಇತ್ತು.

ತೋಟದ ಪಹಣಿ ಕನ್ನಡದಲ್ಲಿರುತ್ತದೆ, ಪಟ್ಟಿಯೂ ಬಹುಮಟ್ಟಿಗೆ ಕನ್ನಡದಲ್ಲೇ. ಇಂಗ್ಲಿಷ್ ಅಥವಾ ವೆಲ್ಷ್ ಭಾಷೆಯಲ್ಲಿಲ್ಲದ ಪ್ರತಿ ದಾಖಲೆಗೂ ಪೂರ್ಣ ಅನುವಾದ ಬೇಕು; ಇದು ಮೂಲದ ಸರಿಯಾದ ಅನುವಾದವೆಂಬ ಹೇಳಿಕೆ, ದಿನಾಂಕ, ಅನುವಾದಕರ ಪೂರ್ಣ ಹೆಸರು, ಸಹಿ ಮತ್ತು ಸಂಪರ್ಕ ವಿವರ ಅದರಲ್ಲಿರಬೇಕು. ಪಹಣಿಯಿಂದ ಪ್ರವಾಸದ ಖರ್ಚಿಗೆ ಹಣವಿದೆಯೆಂದು ತೋರುವುದಿಲ್ಲ, ಏಕೆಂದರೆ ಜಮೀನನ್ನು ಖರ್ಚು ಮಾಡಲಾಗುವುದಿಲ್ಲ. ಆದರೆ ಅಡಿಕೆ ಬೆಳೆಯೆಂದು ನಮೂದಾಗಿರುವ ಜಮೀನು ನಮ್ಮ ಹೆಸರಿನಲ್ಲಿದೆ ಎಂಬುದು ಆ ದೊಡ್ಡ ಜಮೆಯ ಮೂಲವನ್ನು ದೃಢಪಡಿಸುತ್ತದೆ, ಊರಿಗೆ ಮರಳಲು ನಮಗೆ ಕಾರಣವಿದೆಯೆಂದೂ ಹೇಳುತ್ತದೆ. ಮನೆ, ಜಮೀನು, ಬಂಗಾರ ಎಲ್ಲವನ್ನೂ ಸೇರಿಸಿ ಕೋಟಿಯ ಲೆಕ್ಕದ ಆಸ್ತಿ ಪ್ರಮಾಣಪತ್ರ ಮಾಡಿಸಿರೆಂದು ಏಜೆಂಟರು ಒತ್ತಾಯಿಸುತ್ತಾರೆ. ಅದಕ್ಕೆ ತೆರುವ ಶುಲ್ಕವನ್ನು ಒಳ್ಳೆಯ ಅನುವಾದಕ್ಕೆ ಕೊಡುವುದು ಮೇಲೆಂಬುದು ನನ್ನ ಅಭಿಪ್ರಾಯ.

ಬ್ಯಾಂಕಿನವರು ಒಂದೇ ಪುಟದ ಬ್ಯಾಲೆನ್ಸ್ ಸರ್ಟಿಫಿಕೇಟ್ ಕೊಡುತ್ತಾರೆ. ಅದು ಆ ಒಂದು ದಿನದ ಬಾಕಿಯನ್ನು ಮಾತ್ರ ಹೇಳುವುದರಿಂದ ಸ್ಟೇಟ್‌ಮೆಂಟಿಗೆ ಬದಲಾಗಲಾರದು. ನಾವು ಹೆಸರು, ಖಾತೆ ಸಂಖ್ಯೆ ಮತ್ತು ಎಲ್ಲ ಪುಟಗಳು ಇರುವ ಸ್ಟೇಟ್‌ಮೆಂಟಿಗೆ ಬ್ಯಾಂಕಿನ ಮೊಹರು ಹಾಕಿಸಿಕೊಂಡೆವು. ಅರ್ಜಿಯ ವೇಳೆಗೆ ಖಾತೆಯಲ್ಲಿ 3,70,000 ಇತ್ತು. ಜೊತೆಗೆ ಇಬ್ಬರ ಹೆಸರಿನಲ್ಲೂ 4,00,000ದ ಠೇವಣಿ ಇತ್ತು. ಅದನ್ನು ಮುರಿದು ಖಾತೆಗೆ ಹಾಕಿಕೊಳ್ಳಲಿಲ್ಲ. ಹಾಗೆ ಮಾಡಿದ್ದರೆ ವಿವರಿಸಬೇಕಾದ ಇನ್ನೊಂದು ದೊಡ್ಡ ಜಮೆಯನ್ನು ನಾವೇ ಸೃಷ್ಟಿಸಿದಂತಾಗುತ್ತಿತ್ತು. ಠೇವಣಿ ಇಟ್ಟ ದಿನಾಂಕವಿರುವ ರಸೀದಿಯನ್ನು ಹಾಗೆಯೇ ಲಗತ್ತಿಸಿದೆವು.

ನನ್ನ ಪತ್ನಿಗೆ ಸ್ವಂತ ಆದಾಯವಿಲ್ಲ. ಗಂಡ ಹೆಂಡತಿ ಒಟ್ಟಿಗೆ ಹೊರಟರೂ ಅರ್ಜಿಗಳು ಬೇರೆಬೇರೆ, ಆದ್ದರಿಂದ ಒಬ್ಬರ ಕಡತದಲ್ಲಿರುವ ಕಾಗದವನ್ನು ಇನ್ನೊಬ್ಬರದಕ್ಕೂ ನೋಡಿಕೊಳ್ಳುತ್ತಾರೆಂದು ನಂಬಿ ಕೂರಬಾರದು. ಆಕೆಯ ಅರ್ಜಿಯಲ್ಲಿ ಗೃಹಿಣಿ ಎಂದೇ ಬರೆದು, ಖರ್ಚನ್ನು ಪತಿ ಮತ್ತು ಮಗಳು ಭರಿಸುತ್ತಾರೆಂದು ತಿಳಿಸಿ, ವಿವಾಹ ನೋಂದಣಿ ಪತ್ರ, ಠೇವಣಿ ರಸೀದಿ, ನನ್ನ ಸ್ಟೇಟ್‌ಮೆಂಟ್ ಎಲ್ಲದರ ಪ್ರತಿಗಳನ್ನು ಸೇರಿಸಿದೆವು.

ಇನ್ನು ಮಗಳ ಪ್ರಾಯೋಜಕತ್ವದ ಕಾಗದಗಳು. ಖರ್ಚು ಕೊಡುವವರೊಂದಿಗೆ ನಿಜವಾದ ಸಂಬಂಧವಿರಬೇಕು, ಅವರು ವಲಸೆ ಕಾನೂನನ್ನು ಉಲ್ಲಂಘಿಸಿರಬಾರದು, ನಾವಿರುವಷ್ಟು ಕಾಲವೂ ನೆರವು ಕೊಡಲು ಅವರಿಗೆ ಶಕ್ತಿಯಿರಬೇಕು ಮತ್ತು ಅವರು ಕೊಡುತ್ತಾರೆಂಬುದು ಅಧಿಕಾರಿಗೆ ಮನವರಿಕೆಯಾಗಬೇಕು ಎಂದು ನಿಯಮವಿದೆ. ಸಂಬಂಧಕ್ಕೆ ಮಗಳ ಜನನ ಪ್ರಮಾಣಪತ್ರ, ಕಾನೂನಿನ ಸ್ಥಿತಿಗೆ ಪಾಸ್‌ಪೋರ್ಟ್ ಪುಟ ಮತ್ತು ಅವಳ ವಲಸೆ ಸ್ಥಿತಿಯನ್ನು ಆನ್‌ಲೈನಿನಲ್ಲಿ ಪರಿಶೀಲಿಸಲು ಬೇಕಾಗುವ ಶೇರ್ ಕೋಡ್ ಎಂಬ ಸಂಕೇತ, ಶಕ್ತಿಗೆ ಸಂಬಳದ ಚೀಟಿಗಳು ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್, ವಾಸಕ್ಕೆ ಬಾಡಿಗೆ ಕರಾರು ಹಾಗೂ ಅತಿಥಿಗಳು ಇರಬಹುದೆಂಬ ಮನೆ ಮಾಲೀಕರ ಪತ್ರ ಕೊಟ್ಟೆವು. ಅವಳ ಕೈಗೆ ಬರುವ ಸಂಬಳ ತಿಂಗಳಿಗೆ 2,700 ಪೌಂಡ್. ಬಾಡಿಗೆ ಮತ್ತು ಬಿಲ್ಲುಗಳಿಗೆ 1,200, ಇತರ ಖರ್ಚಿಗೆ 600 ಹೋಗಿ ಸುಮಾರು 900 ಉಳಿಯುತ್ತದೆ. ಖಾತೆಯಲ್ಲಿ 7,000 ಪೌಂಡ್ ಇತ್ತು. ಪ್ರಾಯೋಜಕರ ಸಂಬಳ ದೊಡ್ಡದಿದ್ದರೆ ಸಾಕೆಂದು ತಿಳಿಯುವವರಿದ್ದಾರೆ. ತಿಂಗಳ ಕೊನೆಗೆ ಖಾತೆ ಬರಿದಾಗುತ್ತಿದ್ದರೆ ಇಬ್ಬರು ಅತಿಥಿಗಳ ಖರ್ಚು ಎಲ್ಲಿಂದ ಬರುತ್ತದೆಂಬ ಪ್ರಶ್ನೆ ಏಳುತ್ತದೆ.

ಅವಳ ಪತ್ರ ಒಂದೇ ಪುಟದ್ದು. ಇಬ್ಬರ ವಿಮಾನ ಟಿಕೆಟಿನ ಸುಮಾರು 1,300 ಪೌಂಡ್, ಊಟ ಮತ್ತು ವಸತಿ ತನ್ನದು. ಒಳಗಿನ ಓಡಾಟ, ಖರೀದಿಗೆ 1,20,000 ರೂಪಾಯಿ ತಂದೆತಾಯಿಯದು ಎಂದು ಅದರಲ್ಲಿ ಸ್ಪಷ್ಟವಾಗಿ ಹಂಚಿತ್ತು. ಎರಡೂ ಅರ್ಜಿಗಳಲ್ಲಿ ಅದೇ ಹಂಚಿಕೆಯಿತ್ತು, ಇಬ್ಬರಿಗೂ ತಲಾ 60,000. ಮಗಳು ತಾನು ಕೊಡುವ ಹಣವನ್ನು ಮುಂಚಿತವಾಗಿ ನಮ್ಮ ಖಾತೆಗೆ ಹಾಕಲಿಲ್ಲ. ಮಕ್ಕಳು ಕೊಡುವ ಹಣ ಮಕ್ಕಳ ಖಾತೆಯಲ್ಲೇ ಕಾಣಬೇಕು. ಅರ್ಜಿಯ ಮುನ್ನಾ ವಾರ ಅದು ತಂದೆಯ ಖಾತೆಗೆ ಹಾರಿ ಬಂದರೆ ಇಬ್ಬರ ಲೆಕ್ಕವೂ ಕೆಡುತ್ತದೆ. ಬಹುಕಾಲದಿಂದ ತಿಂಗಳು ತಿಂಗಳು ಕಳುಹಿಸುತ್ತಿದ್ದರೆ ಮಾತ್ರ ಅದನ್ನು ಹಾಗೆಂದೇ ಹೇಳಿ ತೋರಿಸಬಹುದು.

ನಮ್ಮ ಬಂಧುವೊಬ್ಬರ ಅರ್ಜಿ ತಿರಸ್ಕೃತವಾದದ್ದು ಇಂಥದೇ ಕಾರಣಕ್ಕೆ. ಅವರ ತಿಂಗಳ ಆದಾಯ 18,000. ಸ್ಟೇಟ್‌ಮೆಂಟ್ ತೆಗೆಸುವ ಕೆಲವೇ ದಿನಗಳ ಮುಂಚೆ ಭಾವಮೈದುನನಿಂದ ಕೈಗಡವಾಗಿ ಐದು ಲಕ್ಷ ತಂದು ಖಾತೆಗೆ ಹಾಕಿದ್ದರು. ಆ ಹಣದ ಮೂಲ ತಿಳಿಯುವುದಿಲ್ಲ, ಅದು ಅರ್ಜಿದಾರರ ಸ್ವಂತ ಬಳಕೆಗೆ ಲಭ್ಯವೆಂಬ ನಂಬಿಕೆ ಬರುವುದಿಲ್ಲ ಎಂಬ ಅರ್ಥದ ಪತ್ರ ಬಂತು. ವಿಸಿಟರ್ ವೀಸಾ ನಿರಾಕರಣೆಗೆ ಸಾಮಾನ್ಯವಾಗಿ ಮೇಲ್ಮನವಿ ಇಲ್ಲ. ಹೊಸದಾಗಿ ಶುಲ್ಕ ಕಟ್ಟಿ ಅರ್ಜಿ ಹಾಕಬೇಕು, ಹಿಂದಿನ ನಿರಾಕರಣೆಯನ್ನು ಅದರಲ್ಲಿ ತಿಳಿಸಲೇಬೇಕು. ಎರಡನೆಯ ಬಾರಿ ಅವರು ಸಾಲದ ಹಣವನ್ನು ಹಿಂದಿರುಗಿಸಿ, ಬಂದದ್ದು ಹೋದದ್ದು ಎರಡನ್ನೂ ಪತ್ರದಲ್ಲಿ ವಿವರಿಸಿದರು. ಮೂರು ತಿಂಗಳ ವಾಸ್ತವ್ಯವನ್ನು ಮೂರು ವಾರಕ್ಕೆ ಇಳಿಸಿ, ಖರ್ಚೆಲ್ಲ ಮಗನದೆಂದು ಅವನ ದಾಖಲೆಗಳನ್ನು ಮುಂದಿಟ್ಟರು, ವೀಸಾ ದೊರೆಯಿತು. ನಕಲಿ ಸ್ಟೇಟ್‌ಮೆಂಟ್ ಮಾಡಿಕೊಡುತ್ತೇವೆನ್ನುವವರ ಹತ್ತಿರಕ್ಕೂ ಹೋಗಬೇಡಿ. ವಂಚನೆಯೆಂದು ಕಂಡುಬಂದರೆ ಹತ್ತು ವರ್ಷಗಳವರೆಗೆ ಅರ್ಜಿಗಳು ತಿರಸ್ಕೃತವಾಗಬಹುದು.

ಹೋಟೆಲ್ ಬುಕಿಂಗ್, ಪ್ರವಾಸ ವಿಮೆ, ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್, ಕುಟುಂಬದ ಫೋಟೊ, ಪ್ರಾಯೋಜಕರ ವಿದ್ಯುತ್ ಬಿಲ್ಲು ಇವೆಲ್ಲ ಬೇಡವೆಂದು ಮಾರ್ಗದರ್ಶಿಯೇ ಹೇಳುತ್ತದೆ. ಕಾಗದ ಹೆಚ್ಚಿದಷ್ಟೂ ಅಡಿಕೆಯ ಪಟ್ಟಿಯಂಥ ಮುಖ್ಯ ದಾಖಲೆ ಹುದುಗಿಹೋಗುತ್ತದೆ. ಟಿಕೆಟನ್ನೂ ವೀಸಾ ಬಂದ ಮೇಲೆಯೇ ಕೊಂಡೆವು.

ವೀಸಾ ಕೈಗೆ ಬಂದರೂ ಈ ಕಡತದ ಒಂದು ಪ್ರತಿಯನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಿ, ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಡಿ. ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ನಮ್ಮನ್ನು ಎಷ್ಟು ದಿನ ಇರುತ್ತೀರಿ, ಮಗಳು ಏನು ಕೆಲಸ ಮಾಡುತ್ತಾಳೆ, ಖರ್ಚು ಯಾರದು ಎಂದು ಕೇಳಿದರು. ಟಿಕೆಟ್ ಮತ್ತು ಊಟ ಮಗಳದು, ಉಳಿದದ್ದು ನಮ್ಮದು ಎಂದು ನಮೂನೆಯಲ್ಲಿ ಬರೆದದ್ದನ್ನೇ ಪತ್ನಿ ಹೇಳಿದಳು. ಮಗಳ ಪತ್ರವನ್ನೊಮ್ಮೆ ನೋಡಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿ ಕೊಟ್ಟರು.