ಮಡಕೆ ಸ್ಲ್ಯಾಬ್: ಎಷ್ಟು ಮಡಕೆ, ಎಷ್ಟು ಉಳಿತಾಯ?

“ಮಡಕೆ ಇಟ್ಟು ಸ್ಲ್ಯಾಬ್ ಹಾಕಿದರೆ ಒಂದು ಕೋಣೆಗೆ ಎಷ್ಟು ಮಡಕೆ ಬೇಕಾದೀತು? ಕಾಂಕ್ರೀಟ್ ನಿಜವಾಗಿ ಎಷ್ಟು ಉಳಿಯುತ್ತದೆ ಅಣ್ಣಾ?”

ಪೆರ್ಲ, ಬದಿಯಡ್ಕ ಕಡೆ ಮುರಕಲ್ಲಿನ ಮನೆಗಳಲ್ಲಿ ಸಾಮಾನ್ಯವಾಗಿ ಬರುವ ಒಂದು ಕೋಣೆ ತೆಗೆದುಕೊಳ್ಳೋಣ. ಗೋಡೆಯ ಒಳಗೆ 3 ಮೀಟರ್ ಅಗಲ, 4 ಮೀಟರ್ ಉದ್ದ. ಸ್ಲ್ಯಾಬ್ ದಪ್ಪ 12.5 ಸೆಂಟಿಮೀಟರ್. ಪೂರ್ತಿ ಕಾಂಕ್ರೀಟ್ ತುಂಬಿದರೆ 1.5 ಘನಮೀಟರ್ ಬೇಕು. ಗೋಡೆಯ ಮೇಲೆ ಕೂರುವ ಭಾಗವನ್ನು ಇಲ್ಲಿ ಸೇರಿಸಿಲ್ಲ, ಅದು ಎರಡಕ್ಕೂ ಒಂದೇ.

ಸ್ಲ್ಯಾಬ್ ಮೇಲೆ ಭಾರ ಬಿದ್ದಾಗ ಕೋಣೆಯ ನಡುವೆ ಮೇಲಿನ ಪದರ ಒತ್ತಿಕೊಳ್ಳುತ್ತದೆ, ಕೆಳಗಿನದು ಎಳೆಯಲ್ಪಡುತ್ತದೆ. ಎಳೆತವನ್ನು ತಡೆಯುವುದು ರಾಡ್. ಅಲ್ಲಿನ ಕಾಂಕ್ರೀಟ್ ಹೆಚ್ಚಾಗಿ ಸುಮ್ನೆ ಭಾರವಾಗಿರುತ್ತದೆ. ಆ ಜಾಗದಲ್ಲಿ ಮಡಕೆ ಕವುಚಿ ಇಡುತ್ತೇವೆ, ಅಷ್ಟೇ.

ನಾನು ಹಿಡಿಯುವುದು 20 ಸೆಂಟಿಮೀಟರ್ ಬಾಯಿ, 7.5 ಎತ್ತರದ ಚಟ್ಟಿ. ಅದರ ಮೇಲೆ 5 ಸೆಂಟಿಮೀಟರ್ ಕಾಂಕ್ರೀಟ್ ಸಿಗುತ್ತದೆ. ಎರಡು ಚಟ್ಟಿಗಳ ನಡುವೆ 10 ಸೆಂಟಿಮೀಟರ್ ಜಾಗ ಬಿಟ್ಟು ಅಲ್ಲಿ ರಾಡ್ ಹಾಯಿಸಿದರೆ 30ಕ್ಕೆ 30ರ ಚೌಕ ಆಗುತ್ತದೆ. ಗೋಡೆಯ ಪಕ್ಕ ಸುತ್ತಲೂ 30 ಸೆಂಟಿಮೀಟರ್ ಮಡಕೆ ಇಡುವುದಿಲ್ಲ, ಕತ್ತರಿಸುವ ಬಲ ಅಲ್ಲೇ ಜಾಸ್ತಿ. ಉಳಿಯುವುದು 2.4ಕ್ಕೆ 3.4 ಮೀಟರ್. ಅಡ್ಡಕ್ಕೆ 8, ಉದ್ದಕ್ಕೆ 11. ಒಟ್ಟು 88 ಮಡಕೆ. ಒಡೆಯುವುದು ಇದ್ದೇ ಇದೆ, ಹತ್ತಾದರೂ ಜಾಸ್ತಿ ತನ್ನಿ.

ಇನ್ನು ಒಂದು ಮಡಕೆ ಎಷ್ಟು ಜಾಗ ತಿನ್ನುತ್ತದೆ? ನೀರು ತುಂಬಿ ಅಳೆಯಬೇಡಿ, ಅದು ಒಳಗಿನ ಅಳತೆ. ನಮಗೆ ಬೇಕಾದದ್ದು ಹೊರಗಿನದು. 30ಕ್ಕೆ 30, ಎತ್ತರ 12.5 ಇರುವ ಒಂದು ಪೆಟ್ಟಿಗೆ ಹಲಗೆಯಲ್ಲಿ ಮಾಡಿಸಿ. ಚಟ್ಟಿಯನ್ನು ನಡುವೆ ಕವುಚಿಟ್ಟು ಒಣ ಮರಳು ಸುರಿದು, ಅಂಚಿಗೆ ಸರಿಯಾಗಿ ಕೋಲಿನಿಂದ ಎಳೆದು ಮಟ್ಟ ಮಾಡಿ. ಆಮೇಲೆ ಆ ಮರಳನ್ನು ಲೀಟರ್ ಡಬ್ಬದಲ್ಲಿ ಅಳೆಯಿರಿ. ಖಾಲಿ ಪೆಟ್ಟಿಗೆಗೆ 11.25 ಲೀಟರ್ ಹಿಡಿಯುತ್ತದೆ. ಉರುಟು ತಳದ ಚಟ್ಟಿ ಇಟ್ಟಾಗ ಸುಮಾರು 9.65 ಬರುತ್ತದೆ. ಅಂದರೆ ಒಂದು ಚಟ್ಟಿಗೆ 1.6 ಲೀಟರ್ ಉಳಿಯಿತು.

88 ಚಟ್ಟಿಗೆ 141 ಲೀಟರ್, ಅಂದರೆ 0.14 ಘನಮೀಟರ್. 1.5ರಲ್ಲಿ ಇದು ಶೇಕಡಾ 9ರ ಆಸುಪಾಸು. 25–30 ಉಳಿಯುತ್ತದೆ ಎಂದು ಕೇಳಿ ಬಂದವರಿಗೆ ಇಲ್ಲಿ ಬೇಜಾರಾಗುತ್ತದೆ. ಆದರೆ ಉರುಟು ಬಾಯಿ ಚೌಕದ ಮೂರನೇ ಒಂದು ಭಾಗವನ್ನಷ್ಟೇ ಮುಚ್ಚುತ್ತದೆ, ಮೇಲೆ ಹೋದ ಹಾಗೆ ಅದೂ ಕಿರಿದಾಗುತ್ತದೆ, ಗೋಡೆ ಪಕ್ಕದ ಪಟ್ಟಿಯಲ್ಲಿ ಏನೂ ಉಳಿಯುವುದಿಲ್ಲ. ಅದೇ ಅಳತೆಯಲ್ಲಿ ತಳ 16 ಸೆಂಟಿಮೀಟರ್ ಚಪ್ಪಟೆ ಇದ್ದರೆ ಒಂದಕ್ಕೆ 1.9 ಲೀಟರ್ ಸಿಕ್ಕಿ ಉಳಿತಾಯ 11ಕ್ಕೆ ಏರುತ್ತದೆ. ಕುಂಬಾರರ ಹತ್ತಿರ ಹೋದಾಗ ಇದನ್ನು ಮೊದಲೇ ಹೇಳಿ.

ದುಡ್ಡಿನ ಮಾತು. ಕಾಂಕ್ರೀಟಿಗೆ ಘನಮೀಟರಿಗೆ 7,000 ರೂಪಾಯಿ ಎಂದು ಹಿಡಿದರೆ ಒಂದು ಉರುಟು ಚಟ್ಟಿ ಉಳಿಸುವುದು 11 ರೂಪಾಯಿ. ಅದಕ್ಕಿಂತ ಜಾಸ್ತಿ ಕೊಟ್ಟು ಹೊಸ ಚಟ್ಟಿ ತಂದರೆ ಕಾಂಕ್ರೀಟಿನ ಲೆಕ್ಕದಲ್ಲಿ ನಷ್ಟವೇ. ಬಣ್ಣ ಕೆಟ್ಟದ್ದು, ಬಾಯಿ ಸ್ವಲ್ಪ ಸೊಟ್ಟಗಾದದ್ದು ಕಡಿಮೆಗೆ ಸಿಗುತ್ತದೆ, ಅದು ಸಾಕು. ಬೆರಳಿನಿಂದ ತಟ್ಟಿ ನೋಡಿ, ಒಡಕು ಸದ್ದು ಬಂದರೆ ಬೇಡ. ನನ್ನ ಕೇಳಿದರೆ ಮಡಕೆ ಇಡಲು ನಿಜವಾದ ಕಾರಣ ಬೇರೆ: ಒಳಗೆ ಸಿಕ್ಕಿಕೊಂಡ ಗಾಳಿ ಬಿಸಿಲಿನ ಕಾವನ್ನು ತಡೆಯುತ್ತದೆ, ಕೆಳಗಿನಿಂದ ಸಾರಣೆಯೂ ಬೇಡ, ಚಟ್ಟಿಯ ಬಾಯಿಗಳೇ ಚಂದ ಕಾಣುತ್ತವೆ. ಹೊರಗೆ ಚಾಚಿದ ಬಾಲ್ಕನಿಗೆ ಮಾತ್ರ ಹೀಗೆ ಮಾಡಬೇಡಿ. ಅಲ್ಲಿ ಎಳೆತ ಮೇಲ್ಭಾಗದಲ್ಲಿ, ಒತ್ತಡ ಕೆಳಗೆ. ರಾಡ್ ಎಷ್ಟು ಎಂಬುದನ್ನು ಎಲ್ಲ ಕಡೆಯೂ ಇಂಜಿನಿಯರ್ ಹತ್ತಿರವೇ ಕೇಳಿ.

ಹಾಕುವಾಗ ಕೆಡುವುದು ಮೂರು ಕಡೆ. ಒಣ ಚಟ್ಟಿ ಕಾಂಕ್ರೀಟಿನ ನೀರನ್ನು ಹೀರುತ್ತದೆ, ಹಾಗಾಗಿ ಮೊದಲೇ ಚೆನ್ನಾಗಿ ನೆನೆಸಿ. ಬಾಯಿಯ ಸುತ್ತ ಸಿಮೆಂಟ್ ಗಾರೆ ಮೆತ್ತದಿದ್ದರೆ ಸಿಮೆಂಟಿನ ಹಾಲು ಒಳಗೆ ನುಗ್ಗುತ್ತದೆ. ಹಲಗೆ ಬಿಚ್ಚಿದಾಗ ಬಾಯಿಯೊಳಗೆ ಬೂದು ಪದರ ಕಂಡರೆ ಹೀಗಾಗಿದೆ ಎಂದರ್ಥ. ಇನ್ನೊಂದು, ವೈಬ್ರೇಟರ್ ತಾಗಿಯೋ ಕಾಲು ಬಿದ್ದೋ ಚಟ್ಟಿ ಒಡೆಯುವುದು. ಓಡಾಡಲು ಹಲಗೆ ಹಾಸಿ.

ಒಡೆದದ್ದು ಮೇಲಿನಿಂದ ಕಾಣುವುದಿಲ್ಲ, ಸಿಮೆಂಟ್ ಚೀಲ ಹೇಳುತ್ತದೆ. 1:1.5:3ರ ಮಿಶ್ರಣಕ್ಕೆ ಘನಮೀಟರಿಗೆ ಸುಮಾರು 8 ಚೀಲ. ಪೂರ್ತಿ ಸ್ಲ್ಯಾಬಿಗೆ 12, ಮಡಕೆ ಇಟ್ಟದ್ದಕ್ಕೆ 11. ಗೋಡೆಯ ಮೇಲಿನ ಭಾಗದ ಲೆಕ್ಕ ಬೇರೆ ಇಟ್ಟು ನೋಡಿದಾಗ ಹನ್ನೆರಡನೇ ಚೀಲ ಬಿಚ್ಚಬೇಕಾಗಿ ಬಂದರೆ, ಮೇಸ್ತ್ರಿಯನ್ನು ಅಲ್ಲೇ ನಿಲ್ಲಿಸಿ ಸ್ಲ್ಯಾಬಿನ ದಪ್ಪ ಅಳೆಯಿರಿ. ದಪ್ಪ ಸರಿ ಇದ್ದರೆ ಒಳಗೆ ಚಟ್ಟಿಗಳು ಒಡೆದು ತುಂಬಿಕೊಂಡಿರಬಹುದು.